ಸೋಡಿಯಂ ಹರಿಯುವ ಕೊಳವೆಗೆ ನೀರಿನ ಲೆಕ್ಕ ಒಗ್ಗದು

ತಮಿಳುನಾಡಿನ ಕಲ್ಪಾಕ್ಕಂನಲ್ಲಿ, ಬಂಗಾಳ ಕೊಲ್ಲಿಯ ದಂಡೆಯ ಮೇಲೆ ಕಟ್ಟಿರುವ 500 ಮೆಗಾವ್ಯಾಟ್ ಫಾಸ್ಟ್ ಬ್ರೀಡರ್ ರಿಯಾಕ್ಟರಿನ ಇಂಧನವನ್ನು ತಂಪಾಗಿಡುವುದು ನೀರಲ್ಲ, ಸೋಡಿಯಂ. ಉಪ್ಪಿನಲ್ಲಿ ಕ್ಲೋರಿನ್ ಜೊತೆ ಕೂಡಿಕೊಂಡಿರುವ ಅದೇ ಸೋಡಿಯಂ ಇಲ್ಲಿ ಅಪ್ಪಟ ಲೋಹವಾಗಿ, ಕರಗಿದ ದ್ರವವಾಗಿ, ಸಾವಿರ ಟನ್ನಿಗೂ ಹೆಚ್ಚಿನ ಪ್ರಮಾಣದಲ್ಲಿ ದೊಡ್ಡ ಪಾತ್ರೆಯೊಳಗೆ ಸುತ್ತುತ್ತಿರುತ್ತದೆ. ವಿನ್ಯಾಸದ ಪ್ರಕಾರ ಅದು 397 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಧನದೊಳಕ್ಕೆ ನುಗ್ಗಿ 547 ಡಿಗ್ರಿಯಲ್ಲಿ ಹೊರಬರುತ್ತದೆ. ಆದರೆ ಈ ಬಿಸಿ ಸೋಡಿಯಂನ ಶಾಖ ನೇರವಾಗಿ ನೀರನ್ನು ಕುದಿಸುವುದಿಲ್ಲ. ಇಂಧನದ ನಡುವೆ ಹಾದು ಬಂದದ್ದರಿಂದ ಅದು ವಿಕಿರಣಶೀಲವಾಗಿರುತ್ತದೆ, ಮೇಲಾಗಿ ಸೋಡಿಯಂಗೂ ನೀರಿಗೂ ಬದ್ಧ ವೈರ. ಹಾಗಾಗಿ ನಡುವೆ ಇನ್ನೊಂದು ಸೋಡಿಯಂ ಸುತ್ತನ್ನು ಇಟ್ಟಿದ್ದಾರೆ. ಮೊದಲನೆಯ ಸೋಡಿಯಂ ತನ್ನ ಶಾಖವನ್ನು ಎರಡನೆಯದಕ್ಕೆ ದಾಟಿಸುತ್ತದೆ, ಎರಡನೆಯದು ಹೊರಗೆ ಹೋಗಿ ಉಗಿ ಮಾಡುತ್ತದೆ.

ಈ ದಾಟಿಸುವ ಕೆಲಸ ನಡೆಯುವುದು ಮಧ್ಯಂತರ ಶಾಖ ವಿನಿಮಯಕ ಎಂಬ ಯಂತ್ರದಲ್ಲಿ. ಉದ್ದನೆಯ ತೆಳು ಉಕ್ಕಿನ ಕೊಳವೆಗಳ ದೊಡ್ಡ ಕಟ್ಟು ಅದು. ಹೊರಗಡೆ ಒಂದು ಸೋಡಿಯಂ, ಕೊಳವೆಯೊಳಗೆ ಇನ್ನೊಂದು. ಇಂಥ ಕಟ್ಟಿನಲ್ಲಿ ಎಷ್ಟು ಕೊಳವೆ ಬೇಕು, ಒಂದೊಂದೂ ಎಷ್ಟು ಉದ್ದವಿರಬೇಕು ಎಂದು ನಿರ್ಧರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೊಳವೆಯ ಗೋಡೆಗೂ ಒಳಗೆ ಹರಿಯುವ ಸೋಡಿಯಂಗೂ ಒಂದು ಡಿಗ್ರಿ ಅಂತರವಿದ್ದರೆ, ಒಂದು ಚದರ ಮೀಟರ್ ಗೋಡೆಯ ಮೂಲಕ ಎಷ್ಟು ವ್ಯಾಟ್ ಶಾಖ ದಾಟುತ್ತದೆ?

ಯಾವುದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರಿಗೆ ಈ ಪ್ರಶ್ನೆ ಕೇಳಿದರೆ ಕೈ ತಾನಾಗಿ ಒಂದು ಸೂತ್ರವನ್ನು ಬರೆಯುತ್ತದೆ.

Nu = 0.023 Re^0.8 Pr^0.4

ಇದನ್ನು ಡಿಟ್ಟಸ್–ಬೋಲ್ಟರ್ ಸೂತ್ರ ಎನ್ನುತ್ತಾರೆ. 1930ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಿಂದ ಎಫ್. ಡಬ್ಲ್ಯು. ಡಿಟ್ಟಸ್ ಮತ್ತು ಎಲ್. ಎಂ. ಕೆ. ಬೋಲ್ಟರ್ ಪ್ರಕಟಿಸಿದ ಬರಹದಿಂದ ಬಂದ ಹೆಸರು. ಅವರು ತಲೆ ಕೆಡಿಸಿಕೊಂಡಿದ್ದು ಮೋಟಾರು ಕಾರಿನ ರೇಡಿಯೇಟರಿನ ಕೊಳವೆಗಳ ಬಗ್ಗೆ. ಎಡಗಡೆಯ Nu ಎಂಬುದು ನುಸೆಲ್ಟ್ ಸಂಖ್ಯೆ. ದ್ರವ ಅಲುಗಾಡದೆ ನಿಂತಿದ್ದರೆ ದಾಟುತ್ತಿದ್ದ ಶಾಖಕ್ಕೆ ಹೋಲಿಸಿದರೆ, ಹರಿವಿನಿಂದಾಗಿ ಎಷ್ಟು ಪಟ್ಟು ಹೆಚ್ಚು ದಾಟುತ್ತಿದೆ ಎಂಬುದನ್ನು ಅದು ಸ್ಥೂಲವಾಗಿ ಹೇಳುತ್ತದೆ. Re ಎಂಬ ರೆನಾಲ್ಡ್ಸ್ ಸಂಖ್ಯೆ ಹರಿವು ಎಷ್ಟು ಸುಳಿಸುಳಿಯಾಗಿದೆ ಎಂಬುದರ ಅಳತೆ. Pr ಎಂಬ ಪ್ರಾಂಟ್ಲ್ ಸಂಖ್ಯೆಯೇ ಈ ಲೇಖನದ ಜೀವಾಳ, ಅದಕ್ಕೆ ಈಗಲೇ ಬರುತ್ತೇನೆ.

ನೀರು, ಗಾಳಿ, ತೆಳು ಎಣ್ಣೆಗಳಿಗೆ ಈ ಸೂತ್ರ ಚೆನ್ನಾಗಿ ಒಗ್ಗುತ್ತದೆ. ಪ್ರಾಂಟ್ಲ್ ಸಂಖ್ಯೆ ಸುಮಾರು 0.7ರಿಂದ 160ರವರೆಗೆ ಇದನ್ನು ಬಳಸಬಹುದು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. 400 ಡಿಗ್ರಿಯ ಸೋಡಿಯಂನ ಪ್ರಾಂಟ್ಲ್ ಸಂಖ್ಯೆ ಸುಮಾರು 0.005. ಅಂದರೆ ಸೂತ್ರದ ಕೆಳಗಿನ ಗಡಿಯಿಂದಲೂ ನೂರು ಪಟ್ಟಿಗೂ ಹೆಚ್ಚು ಕೆಳಗೆ. ಆದರೂ ಅಂಕಿಗಳನ್ನು ತುಂಬಿದರೆ ಸೂತ್ರ ಸುಮ್ಮನಿರುವುದಿಲ್ಲ, ಒಂದು ಉತ್ತರ ಕೊಟ್ಟೇ ಕೊಡುತ್ತದೆ. ನೋಡಲು ತೀರ ಅಸಂಬದ್ಧವಾಗಿಯೂ ಇರದ ಆ ಉತ್ತರವನ್ನು ನಂಬಿ ಯಂತ್ರ ಕಟ್ಟಿದರೆ ಯಂತ್ರ ಸಾಲದೆ ಬರುತ್ತದೆ. ಎಷ್ಟು ಸಾಲದೆ ಬರುತ್ತದೆ ಎಂಬುದನ್ನು ಮುಂದೆ ಲೆಕ್ಕ ಹಾಕಿಯೇ ನೋಡೋಣ.

ಜರ್ಮನಿಯ ಗಾಟಿಂಗನ್‌ನಲ್ಲಿ ಕೆಲಸ ಮಾಡಿದ ಲುಡ್ವಿಗ್ ಪ್ರಾಂಟ್ಲ್ ಹೆಸರಿನ ಈ ಸಂಖ್ಯೆ ಎರಡು ಹರಡುವಿಕೆಗಳ ಅನುಪಾತ. ಹರಿಯುವ ದ್ರವದ ಒಂದು ಪದರ ಪಕ್ಕದ ಪದರವನ್ನು ಎಳೆಯುತ್ತದೆ ಅಥವಾ ತಡೆಯುತ್ತದೆ. ಆ ಎಳೆತ ಒಂದು ಪದರದಿಂದ ಇನ್ನೊಂದಕ್ಕೆ ಎಷ್ಟು ಬೇಗ ಹರಡುತ್ತದೆ ಎಂಬುದು ಮೊದಲನೆಯದು, ಅದು ಸ್ನಿಗ್ಧತೆಯ ಕೆಲಸ. ಅದೇ ದ್ರವದಲ್ಲಿ ಶಾಖ ಎಷ್ಟು ಬೇಗ ಹರಡುತ್ತದೆ ಎಂಬುದು ಎರಡನೆಯದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಪ್ರಾಂಟ್ಲ್ ಸಂಖ್ಯೆ. ಗಾಳಿಯಲ್ಲಿ ಎರಡೂ ಹೆಚ್ಚುಕಮ್ಮಿ ಸಮಸಮ, ಸಂಖ್ಯೆ 0.7. ಕೋಣೆಯ ಬಿಸಿಯಲ್ಲಿರುವ ನೀರಿನಲ್ಲಿ ಎಳೆತ ಶಾಖಕ್ಕಿಂತ ಸುಮಾರು ಆರು ಪಟ್ಟು ಬೇಗ ಹರಡುತ್ತದೆ. ಎಂಜಿನ್ ಎಣ್ಣೆಯಲ್ಲಿ ಈ ಅಂಕಿ ನೂರು, ಸಾವಿರಗಳಿಗೆ ಹೋಗುತ್ತದೆ. ಸೋಡಿಯಂನಲ್ಲಿ ಮಾತ್ರ ಎಲ್ಲ ತಿರುವುಮುರುವು: ಅಲ್ಲಿ ಶಾಖ ಎಳೆತಕ್ಕಿಂತ ಇನ್ನೂರು ಪಟ್ಟು ಬೇಗ ಹರಡುತ್ತದೆ.

ಇದಕ್ಕೆ ಕಾರಣ ಲೋಹದ ಒಳಗುಟ್ಟು. ನೀರಿನಲ್ಲಿ ಎಳೆತವನ್ನೂ ಶಾಖವನ್ನೂ ಸಾಗಿಸುವುದು ಒಂದೇ ಅಣುಗಳು. ಒಂದನ್ನೊಂದು ತಳ್ಳುತ್ತ, ತಟ್ಟುತ್ತ ಎರಡನ್ನೂ ದಾಟಿಸುತ್ತವೆ. ಲೋಹದಲ್ಲಿ ಕೆಲಸ ಹಂಚಿಹೋಗಿದೆ. ಎಳೆತವನ್ನು ಸಾಗಿಸುವುದು ಭಾರವಾದ ಪರಮಾಣುಗಳು, ಶಾಖವನ್ನು ಸಾಗಿಸುವುದು ಪರಮಾಣುಗಳ ನಡುವೆ ಸ್ವಚ್ಛಂದವಾಗಿ ಓಡಾಡುವ ಇಲೆಕ್ಟ್ರಾನುಗಳು. ಲೋಹ ಕರಗಿ ದ್ರವವಾದರೂ ಆ ಇಲೆಕ್ಟ್ರಾನುಗಳ ಸ್ವಾತಂತ್ರ್ಯಕ್ಕೆ ಭಂಗವಿಲ್ಲ. ಆದ್ದರಿಂದ 400 ಡಿಗ್ರಿಯ ಸೋಡಿಯಂನ ಸ್ನಿಗ್ಧತೆ ನೂರು ಡಿಗ್ರಿಯ ಬಿಸಿನೀರಿನ ಸ್ನಿಗ್ಧತೆಯಷ್ಟೇ ಇದ್ದರೂ ಉಷ್ಣವಾಹಕತೆ ನೀರಿಗಿಂತ ನೂರು ಪಟ್ಟು ಹೆಚ್ಚು. ನೀರಿಗೆ ಸುಮಾರು 0.7, ಸೋಡಿಯಂಗೆ ಸುಮಾರು 70, ವ್ಯಾಟ್ ಪ್ರತಿ ಮೀಟರ್ ಪ್ರತಿ ಡಿಗ್ರಿಯ ಲೆಕ್ಕದಲ್ಲಿ.

ಈ ಹೋಲಿಕೆಯಿಂದ ಒಂದು ಅನುಕೂಲವೂ ಇದೆ, ಒಂದು ಮೋಸವೂ ಇದೆ. ಅನುಕೂಲವೆಂದರೆ, ಹರಿವಿನ ಮಟ್ಟಿಗೆ ಸೋಡಿಯಂ ಬಿಸಿನೀರಿನಂತೆಯೇ ನಡೆದುಕೊಳ್ಳುತ್ತದೆ. ಹಾಗಾಗಿ ಸೋಡಿಯಂ ರಿಯಾಕ್ಟರಿನ ಪಂಪು, ಪಾತ್ರೆಗಳ ಹರಿವನ್ನು ನೀರು ತುಂಬಿದ ಮಾದರಿಗಳಲ್ಲಿ ಪರೀಕ್ಷಿಸುವುದು ಎಲ್ಲೆಡೆ ರೂಢಿಯಲ್ಲಿದೆ. ಒತ್ತಡ ಎಷ್ಟು ಬೀಳುತ್ತದೆ, ಸುಳಿ ಎಲ್ಲಿ ಏಳುತ್ತದೆ ಎಂಬುದನ್ನು ನೀರು ನಿಷ್ಠೆಯಿಂದ ತೋರಿಸಿಕೊಡುತ್ತದೆ. ಮೋಸವೆಂದರೆ, ಅದೇ ಮಾದರಿಯಿಂದ ಶಾಖದ ಲೆಕ್ಕವನ್ನೂ ತೆಗೆಯಬಹುದೆಂಬ ಭ್ರಮೆ ಹುಟ್ಟುವುದು. ಹರಿವು ಒಂದೇ ಆದರೂ ಆ ಹರಿವಿನೊಳಗೆ ಶಾಖ ಹಿಡಿಯುವ ದಾರಿ ಬೇರೆಯೇ.

ನೀರು ತುಂಬಿದ ಕೊಳವೆಯನ್ನು ಮೊದಲು ನೋಡೋಣ. ವೇಗವಾಗಿ ಹರಿಯುವ ನೀರಿನ ಒಡಲೆಲ್ಲ ಸುಳಿಗಳು. ಅವು ನೀರಿನ ಉಂಡೆಗಳನ್ನು ಎತ್ತಿ ಅತ್ತಿತ್ತ ಎಸೆಯುತ್ತವೆ, ಜೊತೆಗೆ ಅವುಗಳಲ್ಲಿರುವ ಶಾಖವನ್ನೂ. ಆದರೆ ಗೋಡೆಗೆ ಅಂಟಿಕೊಂಡಂತೆ ಒಂದು ಅತಿ ತೆಳು ಪದರವಿದೆ. ಅಲ್ಲಿ ಗೋಡೆಯ ಹಿಡಿತದಿಂದ ಸುಳಿಗಳು ಸತ್ತುಹೋಗಿರುತ್ತವೆ. ಗೋಡೆಯಿಂದ ಹೊರಟ ಶಾಖ ಮೊದಲು ಈ ಪದರವನ್ನು ಬರೀ ವಹನದಿಂದ ದಾಟಬೇಕು. ನೀರು ಶಾಖದ ಕಳಪೆ ವಾಹಕವಾದ್ದರಿಂದ ದಾಟಲು ತಿಣುಕಾಡುತ್ತದೆ. ದಾಟಿದ ಮೇಲೆ ಚಿಂತೆಯಿಲ್ಲ, ಸುಳಿಗಳು ಅದನ್ನು ಕ್ಷಣದಲ್ಲಿ ಇಡೀ ಕೊಳವೆಗೆ ಹರಡಿಬಿಡುತ್ತವೆ. ಹೀಗಾಗಿ ಗೋಡೆಗೂ ನಟ್ಟನಡುವಿಗೂ ಇರುವ ಬಿಸಿಯ ಅಂತರದ ದೊಡ್ಡ ಪಾಲು ಆ ತೆಳು ಪದರದಲ್ಲೇ ಕಳೆದುಹೋಗುತ್ತದೆ, ಉಳಿದ ಒಡಲು ಹೆಚ್ಚುಕಮ್ಮಿ ಒಂದೇ ಬಿಸಿಯಲ್ಲಿರುತ್ತದೆ.

ಇಲ್ಲಿ ವಹನವೂ ಸುಳಿಗಳೂ ಒಂದರ ಹಿಂದೆ ಒಂದು ಕೆಲಸ ಮಾಡುತ್ತಿವೆ ಎಂಬುದನ್ನು ಗಮನಿಸಬೇಕು. ಮೊದಲು ವಹನ, ಆಮೇಲೆ ಸುಳಿ. ಸುಳಿ ಜೋರಾದರೆ ಪದರ ತೆಳುವಾಗುತ್ತದೆ, ವಹನದ ಹಾದಿ ಮೊಟಕಾಗುತ್ತದೆ. ಒಂದರ ಫಲ ಇನ್ನೊಂದರ ಮೇಲೆ ನಿಂತಿದೆ. ಡಿಟ್ಟಸ್–ಬೋಲ್ಟರ್ ಸೂತ್ರ ಗುಣಾಕಾರದ ರೂಪದಲ್ಲಿರುವುದು ಈ ಏರ್ಪಾಡಿಗೆ ಹೊಂದುತ್ತದೆ: ರೆನಾಲ್ಡ್ಸ್ ಸಂಖ್ಯೆಯ ಒಂದು ಘಾತವನ್ನು ಪ್ರಾಂಟ್ಲ್ ಸಂಖ್ಯೆಯ ಒಂದು ಘಾತದಿಂದ ಗುಣಿಸು ಎನ್ನುತ್ತದೆ ಅದು.

ಸೋಡಿಯಂ ಕೊಳವೆಯಲ್ಲೂ ಗೋಡೆಯ ಬಳಿ ಅಷ್ಟೇ ತೆಳುವಾದ ಪದರವಿದೆ, ಅಷ್ಟೇ ಸುಳಿಗಳಿವೆ. ಆದರೆ ಶಾಖಕ್ಕೆ ಆ ಪದರ ಒಂದು ತಡೆಯೇ ಅಲ್ಲ. ಇಲೆಕ್ಟ್ರಾನುಗಳ ಸವಾರಿ ಮಾಡುತ್ತ ಅದು ಪದರವನ್ನು ಸಲೀಸಾಗಿ ದಾಟಿ ನಡುವಿನವರೆಗೂ ಹಾಗೆಯೇ ಸಾಗುತ್ತದೆ. ಒಡಲಿನಲ್ಲಿ ಸುಳಿಗಳೂ ಶಾಖ ಹೊರುತ್ತವೆ, ಇಲೆಕ್ಟ್ರಾನುಗಳೂ ಹೊರುತ್ತವೆ, ಇಬ್ಬರೂ ಅಕ್ಕಪಕ್ಕದಲ್ಲಿ, ಒಂದೇ ಹೊತ್ತಿಗೆ. ಯಾರ ಪಾಲು ಎಷ್ಟು?

ಇದನ್ನು ಅಂದಾಜು ಮಾಡಬಹುದು. 17 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ 400 ಡಿಗ್ರಿಯ ಸೋಡಿಯಂ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿಯುತ್ತಿದೆ ಎನ್ನೋಣ. ರೆನಾಲ್ಡ್ಸ್ ಸಂಖ್ಯೆ ಸುಮಾರು ಒಂದು ಲಕ್ಷ, ಸಾಕಷ್ಟು ರಭಸದ ಹರಿವೇ. ಇಂಥ ಹರಿವಿನಲ್ಲಿ ಸುಳಿಗಳ ಕಲಕುವಿಕೆ ಅತಿ ಜೋರಾಗಿರುವ ಜಾಗದಲ್ಲೂ ಅದರ ಬಲ ದ್ರವದ ಸ್ವಂತ ಸ್ನಿಗ್ಧತೆಯ ಹರಡುವಿಕೆಯ ಸುಮಾರು 170 ಪಟ್ಟು ಮಾತ್ರ. ಸೋಡಿಯಂನಲ್ಲಿ ಶಾಖದ ಸ್ವಂತ ಹರಡುವಿಕೆಯೋ ಅದರ 200 ಪಟ್ಟು! ಅಂದರೆ ಇಷ್ಟು ರಭಸದಲ್ಲೂ ಸುಳಿಗಳು ತಮ್ಮ ಅತಿ ಜೋರಿನ ಜಾಗದಲ್ಲಿಯೇ ಇಲೆಕ್ಟ್ರಾನುಗಳಿಗೆ ಸರಿಗಟ್ಟಲಾರವು, ಗೋಡೆಯ ಹತ್ತಿರವಂತೂ ಲೆಕ್ಕಕ್ಕೇ ಇಲ್ಲ. ಕೋಣೆಯ ಬಿಸಿಯ ನೀರಿನಲ್ಲಿ ಇದೇ ರೆನಾಲ್ಡ್ಸ್ ಸಂಖ್ಯೆಗೆ ಸುಳಿಗಳ ಪಾಲು ವಹನದ ಸುಮಾರು ಸಾವಿರ ಪಟ್ಟು. ಪ್ರಾಂಟ್ಲ್ ಸಂಖ್ಯೆ ಚಿಕ್ಕದಾಯಿತೆಂದರೆ ನಿಜವಾಗಿ ಏನಾಯಿತು ಎಂಬುದು ನನಗೆ ಸ್ಪಷ್ಟವಾಗುವುದು ಈ ಒಂದು ಹೋಲಿಕೆಯಿಂದ.

ಸುಳಿಗಳ ಪಾಲು ಇನ್ನೂ ಕುಗ್ಗಲು ಮತ್ತೊಂದು ಕಾರಣವಿದೆ. ಬಿಸಿಯಾದ ಸೋಡಿಯಂನ ಒಂದು ಉಂಡೆಯನ್ನು ಸುಳಿ ಗೋಡೆಯ ಕಡೆಯಿಂದ ಎತ್ತಿಕೊಂಡು ನಡುವಿಗೆ ಹೊರಡುತ್ತದೆ. ಆದರೆ ಅದು ತೂತು ಬಿದ್ದ ಕೊಡದಲ್ಲಿ ನೀರು ಹೊತ್ತಂತೆ. ಹಾದಿಯುದ್ದಕ್ಕೂ ಶಾಖ ಸುತ್ತಲಿನ ಲೋಹಕ್ಕೆ ಸೋರಿಹೋಗಿ, ಉಂಡೆ ಗುರಿ ಮುಟ್ಟುವ ಹೊತ್ತಿಗೆ ಅದರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಸುಳಿ ವೇಗವನ್ನು ಎಷ್ಟು ಚೆನ್ನಾಗಿ ಸಾಗಿಸುತ್ತದೋ ಶಾಖವನ್ನೂ ಅಷ್ಟೇ ಚೆನ್ನಾಗಿ ಸಾಗಿಸುತ್ತದೆ ಎಂಬುದು 19ನೇ ಶತಮಾನದಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಅವರಿಂದ ಬಂದ ಸಾದೃಶ್ಯ. ಗಾಳಿ, ನೀರಿಗೆ ಹತ್ತಿರಹತ್ತಿರ ಸರಿಹೋಗುವ ಆ ಮಾತು ದ್ರವ ಲೋಹದಲ್ಲಿ ಸುಳ್ಳಾಗುತ್ತದೆ.

ಹೀಗೆ ಎರಡು ದಾರಿ ಅಕ್ಕಪಕ್ಕದಲ್ಲಿ ತೆರೆದಿದ್ದಾಗ ಅವುಗಳ ಫಲವನ್ನು ಗುಣಿಸುವುದಲ್ಲ, ಕೂಡಬೇಕು. ಎರಡನೆಯ ಮಹಾಯುದ್ಧದ ನಂತರ ಪರಮಾಣು ರಿಯಾಕ್ಟರುಗಳಿಗೆ ದ್ರವ ಲೋಹವನ್ನು ಹರಿಸುವ ಯೋಚನೆ ಬಂದಾಗ ಈ ಕೂಡುವ ಸೂತ್ರ ಹುಟ್ಟಿತು. ಆರ್. ಸಿ. ಮಾರ್ಟಿನೆಲಿ 1947ರಲ್ಲಿ ಕರಗಿದ ಲೋಹಗಳ ಶಾಖ ಸಾಗಣೆಯ ಸಿದ್ಧಾಂತವನ್ನು ಮುಂದಿಟ್ಟರು. ಅದರ ಫಲವನ್ನು ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಆರ್. ಎನ್. ಲಯಾನ್ 1951ರಲ್ಲಿ ಒಂದು ಸಾಲಿನ ಸೂತ್ರಕ್ಕೆ ಇಳಿಸಿದರು. ಅದೇ ವರ್ಷದ ಡಿಸೆಂಬರ್ 20ರಂದು ಇಡಾಹೋದ ಇಬಿಆರ್-1 ರಿಯಾಕ್ಟರು ಸೋಡಿಯಂ–ಪೊಟ್ಯಾಸಿಯಂ ಮಿಶ್ರಲೋಹವನ್ನು ಹರಿಸಿ ನಾಲ್ಕು ವಿದ್ಯುತ್ ಬಲ್ಬುಗಳನ್ನು ಬೆಳಗಿಸಿತು. ಲಯಾನ್ ಸೂತ್ರ ಹೀಗಿದೆ:

Nu = 7 + 0.025 Pe^0.8

ಇದರಲ್ಲಿ Pe ಎಂಬುದು ಫ್ರಾನ್ಸಿನ ಭೌತವಿಜ್ಞಾನಿ ಪೆಕ್ಲೆ ಹೆಸರಿನ ಸಂಖ್ಯೆ, ರೆನಾಲ್ಡ್ಸ್ ಸಂಖ್ಯೆಯನ್ನು ಪ್ರಾಂಟ್ಲ್ ಸಂಖ್ಯೆಯಿಂದ ಗುಣಿಸಿದರೆ ಬರುತ್ತದೆ. ಗುಣಿಸುವಾಗ ಒಂದು ಸೊಗಸಾದ ಸಂಗತಿ ನಡೆಯುತ್ತದೆ: ಸ್ನಿಗ್ಧತೆ ಹೊಡೆದುಹೋಗಿ, ವೇಗ, ವ್ಯಾಸ ಮತ್ತು ಶಾಖದ ಹರಡುವಿಕೆ ಮಾತ್ರ ಉಳಿಯುತ್ತವೆ. ಇದು ಬೀಜಗಣಿತದ ಆಟವಲ್ಲ. ನೀರಿನಲ್ಲಿ ಸ್ನಿಗ್ಧತೆಗೆ ಮಹತ್ವ ಬಂದದ್ದು ಅದು ಗೋಡೆಯ ಪದರದ ದಪ್ಪವನ್ನು ನಿರ್ಧರಿಸುತ್ತಿದ್ದರಿಂದ. ಸೋಡಿಯಂನಲ್ಲಿ ಆ ಪದರ ಶಾಖಕ್ಕೆ ಅಡ್ಡಿಯೇ ಆಗದಿದ್ದ ಮೇಲೆ ಸ್ನಿಗ್ಧತೆಗೆ ಅಲ್ಲಿ ಹೇಳುವುದಕ್ಕೆ ಏನೂ ಉಳಿದಿಲ್ಲ.

ಇನ್ನು ಆ 7. ಪ್ರಯೋಗದ ಬಿಂದುಗಳಿಗೆ ಗೆರೆ ಹೊಂದಿಸಲು ತಂದು ಸೇರಿಸಿದ ಅಂಕಿಯಂತೆ ಅದು ಕಂಡರೂ ಅದರ ಬೇರು ಆಳದಲ್ಲಿದೆ. ಸುಳಿಗಳೇ ಇಲ್ಲ, ಬರೀ ವಹನವಿದೆ ಎಂದು ಭಾವಿಸಿ. ಗೋಡೆಯ ಉದ್ದಕ್ಕೂ ಒಂದೇ ಸಮನಾಗಿ ಶಾಖ ಬರುತ್ತಿದ್ದು, ದ್ರವ ನಡುವಿನಲ್ಲಿ ಜೋರಾಗಿ ಅಂಚಿನಲ್ಲಿ ನಿಧಾನವಾಗಿ ಹರಿಯುವ ಪದರ ಹರಿವಾದರೆ ನುಸೆಲ್ಟ್ ಸಂಖ್ಯೆ 4.36 ಎಂದು ಗಣಿತ ಹೇಳುತ್ತದೆ. ದ್ರವವೆಲ್ಲ ಒಂದೇ ವೇಗದಲ್ಲಿ ಗಟ್ಟಿ ಕೋಲಿನಂತೆ ಸರಿಯುತ್ತಿದ್ದರೆ ಅದು 8. ಸುಳಿಗಳ ಹರಿವಿನಲ್ಲಿ ವೇಗ ನಡುವೆಲ್ಲ ಚಪ್ಪಟೆಯಾಗಿದ್ದು ಗೋಡೆಯ ಬಳಿ ಮಾತ್ರ ಥಟ್ಟನೆ ಇಳಿಯುತ್ತದೆ, ಹಾಗಾಗಿ ಉತ್ತರ ಈ ಎರಡರ ನಡುವೆ, ಎಂಟರ ಕಡೆಗೆ ವಾಲಿಕೊಂಡು ಬೀಳಬೇಕು. ಅದೇ 7. ಗೋಡೆಯ ಬಿಸಿಯನ್ನೇ ಒಂದೇ ಸಮನಾಗಿ ಹಿಡಿದಿಟ್ಟರೆ ಇದೇ ಎರಡು ಅಂಕಿಗಳು 3.66 ಮತ್ತು 5.78 ಆಗುತ್ತವೆ. ಆ ಪರಿಸ್ಥಿತಿಗೆಂದು ಸೆಬಾನ್ ಮತ್ತು ಶಿಮಾಜಾಕಿ 1951ರಲ್ಲೇ ಕೊಟ್ಟ ಸೂತ್ರದಲ್ಲಿ 7ರ ಜಾಗದಲ್ಲಿ 5 ಕುಳಿತಿದೆ. ನೀರಿನಲ್ಲಿ ಗೋಡೆಯನ್ನು ಈ ಎರಡರಲ್ಲಿ ಯಾವ ಬಗೆಯಲ್ಲಿ ಬಿಸಿ ಮಾಡಿದರೂ ಸುಳಿಗಳ ಹರಿವಿನ ಉತ್ತರ ಹೆಚ್ಚು ಬದಲಾಗದು. ಸೋಡಿಯಂ ಮಾತ್ರ ಇದನ್ನು ನೆನಪಿಟ್ಟುಕೊಳ್ಳುತ್ತದೆ, ಏಕೆಂದರೆ ಅದರಲ್ಲಿ ಬಿಸಿಯ ಏರಿಳಿತ ಕೊಳವೆಯ ಪೂರ್ತಿ ಅಡ್ಡಗಲಕ್ಕೆ ಹರಡಿಕೊಂಡಿರುತ್ತದೆ.

ಈಗ ನಮ್ಮ ಕೊಳವೆಗೆ ಎರಡೂ ಸೂತ್ರಗಳನ್ನು ಹಾಕಿ ನೋಡೋಣ. ಪೆಕ್ಲೆ ಸಂಖ್ಯೆ ಸುಮಾರು 530 ಬರುತ್ತದೆ. ಲಯಾನ್ ಸೂತ್ರದ ಎರಡನೆಯ ಭಾಗ 3.8, ಏಳಕ್ಕೆ ಕೂಡಿದರೆ ನುಸೆಲ್ಟ್ ಸಂಖ್ಯೆ 10.8. ರಭಸದ ಹರಿವಿನಲ್ಲೂ ಮೂರರಲ್ಲಿ ಎರಡು ಪಾಲಿಗೆ ಹತ್ತಿರದ ಕೊಡುಗೆ ವಹನದ್ದೇ ಎಂಬುದು ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಡಿಟ್ಟಸ್–ಬೋಲ್ಟರ್ ಕೊಡುವ ಉತ್ತರ ಸುಮಾರು 28.6. ಶಾಖ ಸಾಗಣೆಯ ಗುಣಾಂಕಕ್ಕೆ ಇಳಿಸಿದರೆ ಮೊದಲನೆಯದು ಚದರ ಮೀಟರಿಗೆ ಡಿಗ್ರಿಗೆ ಸುಮಾರು 44,500 ವ್ಯಾಟ್, ಎರಡನೆಯದು 1,18,000 ವ್ಯಾಟ್. ನೀರಿನ ಸೂತ್ರ ಎರಡೂವರೆ ಪಟ್ಟಿಗೂ ಹೆಚ್ಚಿನ ಆಸೆ ಹುಟ್ಟಿಸುತ್ತಿದೆ.

ನುಸೆಲ್ಟ್ ಸಂಖ್ಯೆ ಬರೀ 11 ಎಂದು ಕೇಳಿ ಸೋಡಿಯಂ ಶಾಖ ಸಾಗಿಸುವುದರಲ್ಲಿ ಹಿಂದೆ ಎಂದುಕೊಳ್ಳಬಾರದು. ಇದೇ ಕೊಳವೆಯಲ್ಲಿ ಇದೇ ವೇಗದಲ್ಲಿ 100 ಡಿಗ್ರಿಯ ನೀರು ಹರಿಸಿದರೆ ಅದರ ನುಸೆಲ್ಟ್ ಸಂಖ್ಯೆ 320ರ ಆಸುಪಾಸು. ಆದರೂ ಅದರ ಗುಣಾಂಕ 13,000 ವ್ಯಾಟ್ ಮಾತ್ರ, ಸೋಡಿಯಂನದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ನುಸೆಲ್ಟ್ ಸಂಖ್ಯೆ ಹೇಳುವುದು ಹರಿವಿನಿಂದ ಆದ ಹೆಚ್ಚಳವನ್ನು. ನಿಂತಲ್ಲೇ ಅಷ್ಟೊಂದು ಶಾಖ ದಾಟಿಸಬಲ್ಲ ಲೋಹಕ್ಕೆ ಹರಿವು ಹೆಚ್ಚೇನನ್ನು ಸೇರಿಸೀತು?

ಈ ಎರಡೂವರೆ ಪಟ್ಟಿನ ತಪ್ಪು ಯಂತ್ರಕ್ಕೆ ಎಷ್ಟು ತಟ್ಟುತ್ತದೆ ಎಂಬುದಕ್ಕೆ ಕೊಳವೆಯ ಗೋಡೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೋಡೆ 0.8 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಉಕ್ಕು ಎನ್ನೋಣ. ಉಕ್ಕು ಸೋಡಿಯಂಗಿಂತ ಕಳಪೆ ವಾಹಕ, ಸುಮಾರು 20. ಚದರ ಮೀಟರಿಗೆ 5 ಲಕ್ಷ ವ್ಯಾಟ್ ದಾಟಿಸಬೇಕಾದರೆ ಆ ತೆಳು ಗೋಡೆಯಲ್ಲೇ 20 ಡಿಗ್ರಿ ಇಳಿಯುತ್ತದೆ. ಒಳಗಿನ ಸೋಡಿಯಂನಲ್ಲಿ ಲಯಾನ್ ಪ್ರಕಾರ ಸುಮಾರು 11 ಡಿಗ್ರಿ ಇಳಿಯಬೇಕು. ಹೊರಗಿನ ಸೋಡಿಯಂಗೆ ನಿಜವಾಗಿ ಬೇರೆ ಸೂತ್ರ ಬೇಕು, ಆದರೆ ಅಂದಾಜಿಗೆ ಅದಕ್ಕೂ ಇಷ್ಟೇ ಎಂದಿಟ್ಟುಕೊಂಡರೆ ಒಟ್ಟು 42 ಡಿಗ್ರಿ. ನೀರಿನ ಸೂತ್ರ ನಂಬಿದವರಿಗೆ ಎರಡೂ ಕಡೆ 4 ಡಿಗ್ರಿ ಚಿಲ್ಲರೆ, ಒಟ್ಟು 28ರಿಂದ 29 ಡಿಗ್ರಿ ಸಾಕೆನಿಸುತ್ತದೆ. ಅವರು ಕಟ್ಟುವ ವಿನಿಮಯಕದಲ್ಲಿ ಬೇಕಾದುದಕ್ಕಿಂತ ಮೂರನೇ ಒಂದು ಭಾಗ ಕಡಿಮೆ ಕೊಳವೆಗಳಿರುತ್ತವೆ. ಉಕ್ಕಿನ ಗೋಡೆ ತನ್ನ ಪಾಲಿನ ತಡೆಯನ್ನು ಒಡ್ಡಿದ್ದರಿಂದ ತಪ್ಪು ಇಷ್ಟಕ್ಕೆ ನಿಂತಿತು. ಆದರೂ, ಎರಡು ಸೋಡಿಯಂಗಳ ನಡುವೆ ಸಿಗುವ ಅಂತರವೇ ಮೂವತ್ತು ಡಿಗ್ರಿಯ ಆಸುಪಾಸಿನದಾಗಿರುವ ಯಂತ್ರದಲ್ಲಿ ಇದು ಸಣ್ಣ ಮಾತಲ್ಲ. ರಿಯಾಕ್ಟರನ್ನು ಪೂರ್ತಿ ಶಕ್ತಿಗೆ ಏರಿಸಿದಾಗ ಎರಡನೆಯ ಸೋಡಿಯಂ ನಿರೀಕ್ಷಿಸಿದಷ್ಟು ಬಿಸಿಯಾಗಿ ಬರುವುದಿಲ್ಲ, ಮೊದಲನೆಯದು ಬೇಕಾದಷ್ಟು ತಣಿದು ಹಿಂತಿರುಗುವುದಿಲ್ಲ. ಕೊರತೆ ಮೊದಲು ಪತ್ತೆಯಾಗುವುದು ಈ ಎರಡು ಥರ್ಮಾಮೀಟರುಗಳಲ್ಲೇ.

ನೀರಿನ ಸೂತ್ರ ಸೋಡಿಯಂಗೆ ಯಾವಾಗಲೂ ಹೆಚ್ಚು ಹೇಳುತ್ತದೆ, ಎರಡೂವರೆಯಿಂದ ಭಾಗಿಸಿಕೊಂಡರಾಯಿತು ಎನ್ನುವಂತೆಯೂ ಇಲ್ಲ. ಪಂಪು ನಿಧಾನವಾಗಿ ವೇಗ ಹತ್ತರಲ್ಲಿ ಒಂದಕ್ಕೆ, ಸೆಕೆಂಡಿಗೆ 20 ಸೆಂಟಿಮೀಟರಿಗೆ ಇಳಿಯಿತೆನ್ನಿ. ಆಗ ಡಿಟ್ಟಸ್–ಬೋಲ್ಟರ್ 4.5 ಎನ್ನುತ್ತದೆ, ಲಯಾನ್ 7.6 ಎನ್ನುತ್ತದೆ. ಈ ಬಾರಿ ನೀರಿನ ಸೂತ್ರದ್ದೇ ಕಡಿಮೆ! ಗುಣಾಕಾರದ ಸೂತ್ರಕ್ಕೆ ನೆಲವಿಲ್ಲ, ಹರಿವು ಇಳಿದಂತೆ ಅದರ ಉತ್ತರ ಸೊನ್ನೆಯ ಕಡೆಗೆ ಜಾರುತ್ತಲೇ ಹೋಗುತ್ತದೆ. ಕೂಡುವ ಸೂತ್ರಕ್ಕೆ ಏಳರ ನೆಲವಿದೆ. ನಡುವೆ, ರೆನಾಲ್ಡ್ಸ್ ಸಂಖ್ಯೆ ಇಪ್ಪತ್ತೊಂದು, ಇಪ್ಪತ್ತೆರಡು ಸಾವಿರದ ಬಳಿ ಎರಡೂ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಯಾರಾದರೂ ಅದೊಂದೇ ವೇಗದಲ್ಲಿ ಪ್ರಯೋಗ ಮಾಡಿ ನೀರಿನ ಸೂತ್ರವೇ ಸರಿ ಎಂದು ತೀರ್ಮಾನಿಸಿದರೆ ಅವರನ್ನು ದೂರುವುದು ಕಷ್ಟ. ಆದ್ದರಿಂದ ಇಂಥ ಪ್ರಯೋಗದಲ್ಲಿ ನೋಡಬೇಕಾದದ್ದು ಒಂದು ಬಿಂದುವನ್ನಲ್ಲ, ವೇಗ ಹತ್ತು ಪಟ್ಟು ಬದಲಾದಾಗ ಉತ್ತರ ಎಷ್ಟು ಬದಲಾಯಿತು ಎಂಬುದನ್ನು. ನೀರಿನಲ್ಲಿ ಅದು ಆರು ಪಟ್ಟಿಗೂ ಹೆಚ್ಚು ಬದಲಾಗುತ್ತದೆ. ನಮ್ಮ ಸೋಡಿಯಂ ಕೊಳವೆಯಲ್ಲಿ ಒಂದೂವರೆ ಪಟ್ಟೂ ಇಲ್ಲ.

ಹಾಗೆಂದು ಲಯಾನ್ ಸೂತ್ರವೇ ಕೊನೆಯ ಮಾತು ಎಂದೇನೂ ಅಲ್ಲ. ಅಳತೆಗಳು ಬರತೊಡಗಿದಾಗ ಬಹಳಷ್ಟು ಬಿಂದುಗಳು ಅದರ ಗೆರೆಯ ಕೆಳಗೇ ಬಿದ್ದವು. 1950ರ ದಶಕದ ನಡುವೆ ಅಮೆರಿಕದ ಲುಬಾರ್ಸ್ಕಿ ಮತ್ತು ಕಾಫ್‌ಮನ್ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಇನ್ನೊಂದು ಸೂತ್ರ ಕೊಟ್ಟರು. ನಮ್ಮ ಕೊಳವೆಗೆ ಅದು 10.8ರ ಬದಲು 7.7 ಎನ್ನುತ್ತದೆ. 1965ರಲ್ಲಿ ಸ್ಕುಪಿನ್ಸ್ಕಿ ಮತ್ತು ಸಂಗಡಿಗರು ಸೋಡಿಯಂ–ಪೊಟ್ಯಾಸಿಯಂ ಮೇಲೆ ಮಾಡಿದ ಎಚ್ಚರಿಕೆಯ ಅಳತೆಗಳಿಂದ ಬಂದ ಸೂತ್ರದ ಪ್ರಕಾರ ಅದು 8.1. ಸುಳಿಗಳು ಶಾಖವನ್ನು ಸೋರಿಸಿಕೊಳ್ಳುತ್ತವೆ ಎಂಬುದನ್ನು ಲಯಾನ್ ಸೂತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ವ್ಯತ್ಯಾಸದ ಒಂದು ಪಾಲು ಅಲ್ಲಿಂದ ಬಂತು. ಉಳಿದ ಪಾಲಿಗೆ ಕಾರಣ ಅಳತೆಯ ಕಷ್ಟ.

ಆ ಕಷ್ಟವನ್ನು ನಮ್ಮ ಕೊಳವೆಯಲ್ಲೇ ಕಾಣಬಹುದು. ಅಳೆಯಬೇಕಾದದ್ದು ಸೋಡಿಯಂನಲ್ಲಿ ಇಳಿಯುವ 11 ಡಿಗ್ರಿಯನ್ನು. ಥರ್ಮೋಕಪಲ್ ಕೂರುವುದು ಉಕ್ಕಿನ ಗೋಡೆಯೊಳಗೆ, ಅಲ್ಲಿ 0.8 ಮಿಲಿಮೀಟರಿಗೆ 20 ಡಿಗ್ರಿ ಇಳಿಯುತ್ತಿದೆ. ಅದು ಕೂತ ಜಾಗ ನಾವು ಅಂದುಕೊಂಡದ್ದಕ್ಕಿಂತ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗ ಆಚೀಚೆಯಾದರೂ ಎರಡೂವರೆ ಡಿಗ್ರಿ ತಪ್ಪಾಗುತ್ತದೆ, ಹನ್ನೊಂದರಲ್ಲಿ ಎರಡೂವರೆ. ದ್ರವದ ಸರಾಸರಿ ಬಿಸಿಯನ್ನು ತಿಳಿಯಲು ನಟ್ಟನಡುವೆ ಒಂದು ಥರ್ಮೋಕಪಲ್ ಇಳಿಬಿಟ್ಟರೆ ನೀರಿನಲ್ಲಿ ಕೆಲಸ ನಡೆದೀತು. ಸೋಡಿಯಂನಲ್ಲಿ ನಡುವಿನ ಬಿಸಿ ಬೇರೆ, ಸರಾಸರಿ ಬೇರೆ. ಕೊಳವೆಯ ಕೊನೆಯಲ್ಲಿ ದ್ರವವನ್ನು ಚೆನ್ನಾಗಿ ಕಲಸಿಯೇ ಅಳೆಯಬೇಕು. ಇದರ ಜೊತೆಗೆ ಸೋಡಿಯಂ ಶುದ್ಧವಾಗಿರಬೇಕು. ಅದಕ್ಕೆ ಆಮ್ಲಜನಕದ ಹಸಿವು ಹೆಚ್ಚು. ಆಕ್ಸೈಡಿನ ಕಣಗಳು ಗೋಡೆಗೆ ಕವಿದುಕೊಂಡರೆ, ಇಲ್ಲವೆ ಲೋಹ ಗೋಡೆಯನ್ನು ಪೂರ್ತಿ ತೋಯಿಸದೆ ನಡುವೆ ಅನಿಲದ ತೆಳು ಪೊರೆ ಉಳಿದರೆ, ಅಳತೆ ಕೆಳಕ್ಕೆ ಬೀಳುತ್ತದೆ. ಗಾಜನ್ನು ತೋಯಿಸದ ಪಾದರಸದ ಪ್ರಯೋಗಗಳಲ್ಲಿ ಈ ಅನುಮಾನ ಬಹಳ ಕಾಲ ಕಾಡಿತು. ಈಗಿನ ಸೋಡಿಯಂ ಸುತ್ತುಗಳಲ್ಲಿ ಹರಿವಿನ ಒಂದು ಪಾಲನ್ನು ತಂಪು ಕೋಣೆಯೊಂದರ ಮೂಲಕ ಹಾಯಿಸಿ, ಆಕ್ಸೈಡು ಹರಳಾಗಿ ಅಲ್ಲೇ ಕೂರುವಂತೆ ಮಾಡುತ್ತಾರೆ. ಅದನ್ನು ಕೋಲ್ಡ್ ಟ್ರ್ಯಾಪ್ ಎನ್ನುತ್ತಾರೆ.

ಹೀಗೆ ಒಂದೇ ಕೊಳವೆಗೆ 7.7ರಿಂದ 10.8ರವರೆಗೆ ಉತ್ತರಗಳಿದ್ದಾಗ ವಿನ್ಯಾಸ ಮಾಡುವವರು ಯಾವುದನ್ನು ಹಿಡಿಯಬೇಕು? ಕೊಳವೆಗಳ ಸಂಖ್ಯೆ ನಿರ್ಧರಿಸುವಾಗ ಕೆಳಗಿನದೇ ಕ್ಷೇಮ. ಹೆಚ್ಚೆಂದರೆ ಕೆಲವು ಕೊಳವೆ ಹೆಚ್ಚಾದಾವು. ಆದರೆ ರಿಯಾಕ್ಟರನ್ನು ಥಟ್ಟನೆ ನಿಲ್ಲಿಸಿದಾಗ ಸೋಡಿಯಂನ ಬಿಸಿ ಕೆಲವೇ ಸೆಕೆಂಡುಗಳಲ್ಲಿ ಧುಮುಕುತ್ತದೆ. ಆಗ ಇದೇ ಗುಣಾಂಕ ಉಕ್ಕಿನ ಮೇಲೆ ತಿರುಗಿಬೀಳುತ್ತದೆ. ಶಾಖ ಎಷ್ಟು ಸಲೀಸಾಗಿ ದಾಟುತ್ತದೋ ಉಕ್ಕಿನ ಮೈ ಅಷ್ಟು ಬೇಗ ತಣಿಯುತ್ತದೆ, ಒಳಗಿನ ತಿರುಳು ಇನ್ನೂ ಬಿಸಿಯಾಗಿರುವಾಗಲೇ ಮೈ ಕುಗ್ಗಲು ಎಳೆಯುತ್ತದೆ. ದಪ್ಪನೆಯ ಕೊಳವೆ ಫಲಕಗಳಲ್ಲಿ, ಬೆಸುಗೆಗಳಲ್ಲಿ ಬಿರುಕು ಹುಟ್ಟುವುದು ಹೀಗೆ. ಬಿಸಿ ಮತ್ತು ತಣ್ಣನೆಯ ಸೋಡಿಯಂ ಧಾರೆಗಳು ಬೆರೆಯುವ ಜಾಗದಲ್ಲೂ ಅಷ್ಟೇ: ಧಾರೆಯ ಬಿಸಿಯ ತುಯ್ದಾಟವೆಲ್ಲ ಕಡಿಮೆಯಾಗದೆ ಗೋಡೆಗೆ ತಲುಪಿ, ಲಕ್ಷಾಂತರ ಸಲ ಹಿಗ್ಗಿಸಿ ಕುಗ್ಗಿಸಿ ಅದನ್ನು ದಣಿಸುತ್ತದೆ. ಈ ಲೆಕ್ಕಕ್ಕೆ ಮೇಲಿನ ಅಂಕಿಯೇ ಬೇಕು. ಆದ್ದರಿಂದ ಒಂದೇ ಕೊಳವೆಗೆ, ಒಂದೇ ಸೋಡಿಯಂಗೆ ಎರಡು ಲೆಕ್ಕ ನಡೆಯುತ್ತದೆ. ಶಾಖ ದಾಟಿಸುವ ಸಾಮರ್ಥ್ಯಕ್ಕೆ ಎಲ್ಲಕ್ಕಿಂತ ಕಡಿಮೆ ಹೇಳುವ ಸೂತ್ರ, ಉಕ್ಕಿನ ಆಯುಸ್ಸಿಗೆ ಎಲ್ಲಕ್ಕಿಂತ ಹೆಚ್ಚು ಹೇಳುವ ಸೂತ್ರ.